ಹೆಂಡತಿ ಹೋಗಿ ನಾಲ್ಕು ವರ್ಷ. ಈಗೊಬ್ಬರ ಜೊತೆ ಸಿಕ್ಕಿದೆ. ಮಕ್ಕಳಿಗೆ ಹೇಗೆ ಹೇಳಲಿ?

ತೋಟದ ಮನೆ (ಶಿರಸಿ ಕಡೆ)

ಎಲ್ಲರಿಗೂ ನಮಸ್ಕಾರ. ನನಗೆ 66 ವರ್ಷ. ಹೈಸ್ಕೂಲು ಮಾಸ್ತರನಾಗಿ ನಿವೃತ್ತನಾದವನು. ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ ಮನೆ, ಸ್ವಲ್ಪ ಅಡಿಕೆ ತೋಟ. ಮಗ ಬೆಂಗಳೂರಿನಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಇಬ್ಬರಿಗೂ ಮದುವೆಯಾಗಿದೆ, ಮಕ್ಕಳಿದ್ದಾರೆ.

ನನ್ನ ಹೆಂಡತಿಗೆ ಎರಡೂ ಕಿಡ್ನಿ ಹೋಗಿತ್ತು. ಎರಡೂವರೆ ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿದೆವು. ಒಂದು ಸಲಕ್ಕೆ ನಾಲ್ಕು ತಾಸು. ಅವಳು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಅದೇ ಬೆಂಚಿನ ಮೇಲೆ ಇನ್ನೊಬ್ಬರು ಕೂರುತ್ತಿದ್ದರು, ಅವರ ಯಜಮಾನರದ್ದೂ ಅದೇ ಪಾಳಿ. ಮಾತು ಅಂದರೆ ಏನು, ಇವತ್ತು ತೂಕ ಎಷ್ಟು ಇಳಿಯಿತು, ರಾತ್ರಿ ನಿದ್ದೆ ಬಂತಾ, ನೀರು ಎಷ್ಟು ಕೊಡಬಹುದು, ಅಷ್ಟೇ. ಅವರ ಯಜಮಾನರು ಮೊದಲು ಹೋದರು. ಎಂಟು ತಿಂಗಳ ಮೇಲೆ ನನ್ನವಳೂ ಹೋದಳು.

ಆಮೇಲೆ ಎರಡು ವರ್ಷ ಸಂಪರ್ಕವೇ ಇರಲಿಲ್ಲ. ಹಿಂದಿನ ಹಿಂದಿನ ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದಾಗ ಅದೇ ಸಾಲಿನಲ್ಲಿ ಅವರು ನಿಂತಿದ್ದರು. ಅವರಿಗೆ ಯಜಮಾನರ ಕುಟುಂಬ ಪಿಂಚಣಿ ಬರುತ್ತದೆ. ಅವತ್ತು ಫೋನ್ ನಂಬರ್ ತಗೊಂಡೆವು. ಈಗ ದಿನಾ ಸಂಜೆ ಏಳೂವರೆಗೆ ಮಾತಾಡುತ್ತೇವೆ. ಹೋದ ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲ, ಫೋನೂ ಸತ್ತಿತ್ತು. ನಾಲ್ಕನೇ ದಿನ ಅವರು ಬಸ್ಸಿನಲ್ಲಿ ಕೆಳಗಿನ ತಿರುವಿನವರೆಗೆ ಬಂದು, ಅಲ್ಲಿಂದ ಒಂದೂವರೆ ಕಿಲೋಮೀಟರ್ ಕೆಸರಲ್ಲಿ ನಡೆದು ನಾನು ಇದ್ದೇನಾ ಅಂತ ನೋಡಿ ಹೋದರು. ಅವತ್ತು ನನಗೆ ಗೊತ್ತಾಯಿತು.

ಅವರಿಗೆ 60. ಒಬ್ಬನೇ ಮಗ, ಗೋವಾದಲ್ಲಿ ಕೆಲಸ. ನಾವಿಬ್ಬರೂ ಒಟ್ಟಿಗೆ ಇರಬೇಕು ಅಂದುಕೊಂಡಿದ್ದೇವೆ. ಮದುವೆಯೇ ಆಗಬೇಕಾ, ಹಾಗೇ ಇರಬಹುದಾ, ಅದೂ ತೀರ್ಮಾನವಾಗಿಲ್ಲ. ಮಕ್ಕಳಿಗೆ ಇನ್ನೂ ಏನೂ ಹೇಳಿಲ್ಲ. ಬೆಂಚಿನ ವಿಷಯ ಕೇಳಿದರೆ ಅಮ್ಮ ಒಳಗೆ ಮಲಗಿದ್ದಾಗಲೇ ಶುರುವಾಯಿತು ಅಂದುಕೊಳ್ಳುತ್ತಾರೇನೋ ಅನ್ನುವುದು ನನ್ನ ದೊಡ್ಡ ಹೆದರಿಕೆ. ಆ ಭಾಗ ಹೇಳದೇ ಬಿಡಲಾ?

ಬೆಂಗಳೂರು ಮಾಣಿ

ಮಾವಯ್ಯ, ನಮ್ಮ ಮನೆಯಲ್ಲೂ ಇದೇ ಸಮಸ್ಯೆ. ಆಯಿ ಒಬ್ಬಳೇ ಸಿದ್ದಾಪುರದ ಹತ್ತಿರ ಇದ್ದಾಳೆ. ನಾವು ಮೂರು ಕಡೆ ಕ್ಯಾಮೆರಾ ಹಾಕಿಸಿದ್ದೇವೆ, ಹಗಲು ಒಬ್ಬ ಹೆಂಗಸು ಬಂದು ಅಡಿಗೆ ಮಾಡಿಟ್ಟು ಹೋಗುತ್ತಾರೆ. ಮಳೆಗಾಲಕ್ಕೆ ಮಾತ್ರ ಬೆಂಗಳೂರಿಗೆ ಕರೆದುಕೊಂಡು ಬರುತ್ತೇವೆ. ನಿಮ್ಮ ಮಗನಿಗೂ ಹೇಳಿ, ಹೀಗೆ ವ್ಯವಸ್ಥೆ ಮಾಡಬಹುದು. ಆ ಅಮ್ಮನವರನ್ನೇ ಸಂಬಳ ಕೊಟ್ಟು ಮನೆ ನೋಡಿಕೊಳ್ಳಲು ಇಟ್ಟುಕೊಂಡರೆ ಊರಲ್ಲೂ ಮಾತು ಬರುವುದಿಲ್ಲ.

ತೋಟದ ಮನೆ

ತಮ್ಮಾ, ನೀನು ಕಾಳಜಿಯಿಂದ ಬರೆದಿದ್ದೀಯ, ಗೊತ್ತು. ಆದರೆ ನನಗೆ ಅಡಿಗೆಯವರು ಬೇಕಾಗಿಲ್ಲ. ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ. ಕೊನೆಕೊಯ್ಲಿನ ದಿನ ಎಷ್ಟು ಗೊನೆ ಬಂತು ಅಂತ ಸಂಜೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತದಲ್ಲ, ಅದು ಬೇಕು. ಮತ್ತೆ ಅವರನ್ನು ಸಂಬಳದವರು ಅಂತ ಊರಿಗೆ ತೋರಿಸುವುದು ನನ್ನಿಂದಾಗದು.

ಅಡಿಕೆ ಮಂಡಿ

ಮಾಸ್ತರರೇ, ನೇರ ಹೇಳುತ್ತೇನೆ. ಮಕ್ಕಳ ಕೋಪ ಅಂದರೆ ಆಸ್ತಿ. ಬೇರೆ ಏನೂ ಅಲ್ಲ. ಮದುವೆ ಆದ ದಿನವೇ ಅರ್ಧ ಆಸ್ತಿ ಆಕೆಗೆ ಹೋಗುತ್ತದೆ, ಅದಕ್ಕೇ ಎಲ್ಲರೂ ಹೆದರುವುದು. ನೀವು ಮೊದಲು ಮನೆ ತೋಟ ಎಲ್ಲ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡಿ. ಆಮೇಲೆ ಹೇಳಿ, ಒಬ್ಬರೂ ಬಾಯಿ ಬಿಡುವುದಿಲ್ಲ. ಮದುವೆಯನ್ನು ದೇವಸ್ಥಾನದಲ್ಲಿ ಸಣ್ಣದಾಗಿ ಮಾಡಿಕೊಳ್ಳಿ, ನೋಂದಣಿ ಮಾಡಿಸಬೇಡಿ. ಆಗ ಆ ಅಮ್ಮನ ಪಿಂಚಣಿಯೂ ಉಳಿಯುತ್ತದೆ. ನನ್ನ ಪರಿಚಯದವರೊಬ್ಬರು ಹೀಗೇ ಮಾಡಿದ್ದಾರೆ.

ಕುಮಟಾ ವಕೀಲೆ

ಇಲ್ಲಿ ತಡೆದು ಹೇಳಲೇಬೇಕು, ಯಾಕೆಂದರೆ ಹೀಗೆ ಮಾಡಿ ಆಮೇಲೆ ಅಳುತ್ತಾ ಬಂದವರನ್ನು ನೋಡಿದ್ದೇನೆ.

ಮಂಡಿಯವರು ಹೇಳಿದ್ದರಲ್ಲಿ ಒಂದು ನಿಜ, ಆಸ್ತಿಯ ಹೆದರಿಕೆ ಇರುತ್ತದೆ. ಉಳಿದದ್ದು ಸರಿಯಲ್ಲ. ಮದುವೆ ಆದ ದಿನ ಯಾವ ಆಸ್ತಿಯೂ ಯಾರಿಗೂ ಹೋಗುವುದಿಲ್ಲ. ಮಾಸ್ತರರು ಇರುವವರೆಗೆ ಅವರ ಸ್ವಂತ ಸಂಪಾದನೆ ಅವರದ್ದೇ. ಅವರು ವಿಲ್ ಬರೆಯದೇ ಹೋದರೆ ಮಾತ್ರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆ. ಹೆಂಡತಿ, ಮಗ, ಮಗಳು, ಮೂವರಿಗೂ ಸಮ. ಮಾಸ್ತರರ ತಾಯಿ ಇದ್ದರೆ ಅವರಿಗೂ ಒಂದು ಪಾಲು. ಅಂದರೆ ಅರ್ಧ ಅಲ್ಲ, ಮೂರರಲ್ಲಿ ಒಂದು. ಆ ಅಮ್ಮನ ಮಗನಿಗೆ ಮಾಸ್ತರರಿಂದ ನೇರವಾಗಿ ಏನೂ ಬರುವುದಿಲ್ಲ. ಆದರೆ ಮಕ್ಕಳು ಹೆದರುವುದಕ್ಕೆ ಒಂದು ಕಾರಣ ಇದೆ, ಅದನ್ನು ಮುಚ್ಚಿಡಬಾರದು. ಆ ಒಂದು ಪಾಲು ಒಮ್ಮೆ ಆಕೆಯ ಕೈಗೆ ಬಂದರೆ ಅದು ಪೂರ್ತಿ ಆಕೆಯದ್ದು. ಆಕೆಯ ನಂತರ ಆಕೆಯ ಮಗನಿಗೆ ಹೋಗುತ್ತದೆ. "ಅಮ್ಮ ನೆಟ್ಟ ಮರ ಗೋವಾದವನಿಗೆ ಹೋಗುತ್ತದಾ" ಅಂತ ನಿಮ್ಮ ಮಗ ಕೇಳಿದರೆ ಅದು ದುರಾಸೆಯ ಪ್ರಶ್ನೆ ಅಲ್ಲ, ಉತ್ತರ ಕೊಡಬೇಕಾದ ಪ್ರಶ್ನೆ.

ಉತ್ತರ ಕೊಡಲು ದಾನಪತ್ರ ಬೇಡ. ದಾನಪತ್ರ ನೋಂದಣಿಯಾದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ. ಹಿರಿಯರ ಪಾಲನೆಗೆ 2007ರ ಕಾಯ್ದೆ ಇದೆ, ಅಸಿಸ್ಟೆಂಟ್ ಕಮಿಷನರ್ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಆದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಅಲ್ಲಿಯೂ ಒದ್ದಾಟ. ಮಗ ಒಳ್ಳೆಯವನೇ ಇರಬಹುದು. ಆದರೂ ಮನೆ ಅವನ ಹೆಸರಿಗೆ ಹೋದ ಮೇಲೆ ಆ ಮನೆಗೆ ನೀವು ಇನ್ನೊಬ್ಬರನ್ನು ಕರೆತರುವುದು ಅವನ ಒಪ್ಪಿಗೆಯ ಮೇಲೆ ನಿಲ್ಲುತ್ತದೆ.

ವಿಲ್ ಸಾಕು. ಸ್ಟಾಂಪ್ ಪೇಪರ್ ಬೇಕಾಗಿಲ್ಲ, ಇಬ್ಬರು ಸಾಕ್ಷಿಗಳು ನೀವು ಸಹಿ ಮಾಡುವುದನ್ನು ನೋಡಿ ತಾವೂ ಸಹಿ ಮಾಡಬೇಕು. ವಿಲ್‌ನಲ್ಲಿ ಏನಾದರೂ ಸಿಗುವವರನ್ನು ಸಾಕ್ಷಿ ಹಾಕಬೇಡಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ಜಗಳ ಕಡಿಮೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಇನ್ನು ನೋಂದಣಿ ಇಲ್ಲದ ಮದುವೆ. ಸಪ್ತಪದಿ ಆಗಿದ್ದರೆ ನೋಂದಣಿ ಇಲ್ಲದಿದ್ದರೂ ಅದು ಮದುವೆಯೇ. ರಾಜ್ಯ ಸರ್ಕಾರದ ಕುಟುಂಬ ಪಿಂಚಣಿ ವಿಧವೆಗೆ ಮರುಮದುವೆಯವರೆಗೆ ಮಾತ್ರ. ಮದುವೆ ಆಗಿಲ್ಲ ಅಂತ ಬರೆದುಕೊಟ್ಟು ಹಣ ತಗೊಂಡರೆ ಮುಂದೆ ಒಂದು ಅನಾಮಧೇಯ ಪತ್ರ ಸಾಕು, ಅಷ್ಟೂ ವರ್ಷದ್ದು ವಸೂಲಿಯಾಗುತ್ತದೆ. ಅದಕ್ಕೆ ಸಹಿ ಹಾಕುವುದು ಆ ಅಮ್ಮ, ಪರಿಚಯದವರಲ್ಲ. ಮಾಸ್ತರರ ಸ್ವಂತ ಪಿಂಚಣಿಗೆ ಮದುವೆಯಿಂದ ಏನೂ ಆಗುವುದಿಲ್ಲ.

ತೋಟ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಮಗನಿಗೂ ಮಗಳಿಗೂ ಅದರಲ್ಲಿ ಹುಟ್ಟಿನಿಂದಲೇ ಪಾಲು ಇರುತ್ತದೆ, ನಿಮ್ಮ ಪಾಲಿಗೆ ಮಾತ್ರ ನೀವು ವಿಲ್ ಬರೆಯಬಹುದು. ಹಿಸೆ ಪತ್ರ, ಪಹಣಿ ನೋಡದೇ ಅದರ ಬಗ್ಗೆ ಹೇಳುವುದು ಸರಿಯಲ್ಲ.

ಅಡಿಕೆ ಮಂಡಿ

ಮೂರರಲ್ಲಿ ಒಂದು ಅಂತ ಗೊತ್ತಿರಲಿಲ್ಲ, ತಿಳಿಯಿತು. ಆದರೆ ಹಣದ ವಿಷಯ ಬಗೆಹರಿಸದೇ ಹೇಳಬೇಡಿ ಅನ್ನುವುದು ನನ್ನ ಮಾತು, ಅದನ್ನು ಬಿಡುವುದಿಲ್ಲ.

ಕಾರವಾರದ ಮಗಳು

ನಾನು ಆ ಕಡೆಯವಳು. ಅಂದರೆ ಯಾರಿಗೆ ಹೇಳಬೇಕೋ ಆ ಮಗಳು. ಅದಕ್ಕೇ ಉದ್ದ ಬರೆಯುತ್ತೇನೆ.

ಅಮ್ಮ ಹೋಗಿ ಮೂರು ವರ್ಷಕ್ಕೆ ಅಪ್ಪ ಒಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಂದರು. ಬರುತ್ತೇನೆ ಅಂದಿದ್ದರು, ಇಬ್ಬರು ಅಂತ ಹೇಳಿರಲಿಲ್ಲ. ಬಾಗಿಲು ತೆಗೆದರೆ ಅಪ್ಪನ ಹಿಂದೆ ಒಬ್ಬರು ಹೂವು ಹಿಡಿದು ನಿಂತಿದ್ದಾರೆ. "ಇವರು ನನ್ನ ಸ್ನೇಹಿತೆ, ಮುಂದೆ ನಮ್ಮ ಜೊತೆಯೇ ಇರುತ್ತಾರೆ." ಚಪ್ಪಲಿ ಬಿಡುವ ಮೊದಲೇ ಅಷ್ಟೂ ಹೇಳಿ ಮುಗಿಸಿದರು. ಪಾಪ, ಅಪ್ಪನಿಗೆ ಹೆದರಿಕೆ. ಬೇಗ ಹೇಳಿ ಮುಗಿಸಿಬಿಡೋಣ ಅಂತ. ನಾನು ಬಡಿಸಿದೆ. ಬಂಗುಡೆ ಸಾರು ಮಾಡಿದ್ದೆ. ಬಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಏಳು ತಿಂಗಳು ಅಪ್ಪನ ಹತ್ತಿರ ಮಾತಾಡಲಿಲ್ಲ.

ಆಸ್ತಿ ನನ್ನ ತಲೆಯಲ್ಲೇ ಇರಲಿಲ್ಲ. ಮಂಡಿಯವರೇ, ನೀವು ನಂಬಬೇಕು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬರೀ ಸಣ್ಣ ಸಣ್ಣ ವಿಷಯ. ಅಮ್ಮನ ಕಪಾಟು ಯಾರು ತೆಗೆಯುತ್ತಾರೆ. ಅವಳ ಫೋಟೋ ನಡುಮನೆಯಲ್ಲೇ ಇರುತ್ತದಾ. ನಾನು ತವರಿಗೆ ಹೋದರೆ ಅಡಿಗೆಮನೆಗೆ ಕೇಳಿ ಹೋಗಬೇಕಾ. ಇದನ್ನೆಲ್ಲ ಬಾಯಿಬಿಟ್ಟು ಕೇಳಿದರೆ ಸಣ್ಣವಳಾಗುತ್ತೇನೆ ಅಂತ ಕೇಳಲಿಲ್ಲ. ಕೇಳಲಾಗದ್ದೆಲ್ಲ ಸಿಟ್ಟಾಯಿತು. ಆ ಸಿಟ್ಟಿನಲ್ಲಿ ನಾನು ಅಪ್ಪನಿಗೆ ಬರೆದ ಒಂದೇ ಮೆಸೇಜು ಏನು ಗೊತ್ತಾ, "ಮನೆ ಯಾರ ಹೆಸರಿಗೆ ಮಾಡುತ್ತೀರಿ" ಅಂತ. ಮನಸ್ಸಿನಲ್ಲಿ ಇದ್ದದ್ದು ಫೋಟೋ, ಕೇಳಿದ್ದು ಮನೆ. ಅಪ್ಪ ಅದನ್ನೇ ನಿಜ ಅಂದುಕೊಂಡು ವಕೀಲರ ಹತ್ತಿರ ಓಡಿ ಕಾಗದ ಮಾಡಿಸಿ ಕಳಿಸಿದರು. ಅದನ್ನು ನೋಡಿ ನನಗೆ ಇನ್ನೂ ಜಾಸ್ತಿ ನೋವಾಯಿತು.

ಸರಿಹೋದದ್ದು ಹೀಗೆ. ಒಂದು ದಿನ ಅಪ್ಪ ಒಬ್ಬರೇ ಬಂದರು. ಕೈಯಲ್ಲಿ ಕಪಾಟಿನ ಬೀಗದ ಕೈ. "ನಿಮ್ಮ ಅಮ್ಮನದ್ದು ನಾನು ಒಂದೂ ಮುಟ್ಟಿಲ್ಲ, ಅವರೂ ಮುಟ್ಟಿಲ್ಲ. ನೀನು ಬಂದು ತೆಗೆ, ಏನು ಬೇಕೋ ತಗೋ, ಏನು ಅಲ್ಲೇ ಇರಬೇಕೋ ಹೇಳು" ಅಂದರು. ನಾವಿಬ್ಬರೇ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಸೀರೆ ಮಡಚಿದೆವು. ಆಕೆ ಅವತ್ತು ಬೇಕೆಂದೇ ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಅದು ನನಗೆ ಇವತ್ತಿಗೂ ದೊಡ್ಡದು.

ಮಾಸ್ತರರೇ, ಅದಕ್ಕೆ ಹೇಳುವುದು. ಮೊದಲ ಸಲ ಒಬ್ಬರೇ ಹೋಗಿ. ಅವರನ್ನು ಕರೆದುಕೊಂಡು ಹೋಗಬೇಡಿ, ಫೋನಿನಲ್ಲೂ ಬೇಡ, ಮನೆಯ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ತಿಥಿ ಹತ್ತಿರ ಇದ್ದರೆ ಅದು ಕಳೆಯಲಿ. ಮತ್ತೆ ಬೆಂಚಿನ ವಿಷಯ ಬಿಡಬೇಡಿ. ಮಕ್ಕಳು ತಾರೀಖು ಎಣಿಸುತ್ತಾರೆ, ನಾನೂ ಎಣಿಸಿದ್ದೆ. ಮುಂದೆ ಯಾರೋ "ಅವರಿಬ್ಬರೂ ಆಸ್ಪತ್ರೆಯಲ್ಲೇ ಪರಿಚಯ" ಅಂದರೆ ನೀವು ಮುಚ್ಚಿಟ್ಟಿರಿ ಅಂತ ಆಗುತ್ತದೆ. ಆಗ ಇಲ್ಲದ್ದೂ ಇತ್ತು ಅನ್ನಿಸುತ್ತದೆ.

ತೋಟದ ಮನೆ

ತಂಗೀ, ಇದನ್ನು ಎರಡು ಸಲ ಓದಿದೆ. ಬೆಂಚಿನ ವಿಷಯ ಹೇಳುತ್ತೇನೆ. ಹೇಗೆ ಅಂತ ಗೊತ್ತಿಲ್ಲ, ಆದರೆ ಹೇಳುತ್ತೇನೆ.

ಅಂಕೋಲೆ ಟೀಚರ್

ನನಗೆ 63. ನಾನೂ ವಿಧವೆ, ನನ್ನ ಸ್ನೇಹಿತರೂ ಹೆಂಡತಿಯನ್ನು ಕಳೆದುಕೊಂಡವರು. ನಾವು ಮದುವೆ ಆಗಲಿಲ್ಲ, ಒಂದೇ ಮನೆಯಲ್ಲೂ ಇಲ್ಲ. ಅವರ ಮನೆ ಅವರದ್ದು, ನನ್ನ ಮನೆ ನನ್ನದು, ನಡುವೆ ನಾಲ್ಕು ಮನೆ. ಬೆಳಿಗ್ಗೆ ಚಹಾ ಅವರ ಮನೆಯಲ್ಲಿ, ರಾತ್ರಿ ಊಟ ನನ್ನ ಮನೆಯಲ್ಲಿ. ಏಳು ವರ್ಷವಾಯಿತು. ಕಾರಣ ಮುಚ್ಚಿಡುವುದಿಲ್ಲ, ನನ್ನ ಕುಟುಂಬ ಪಿಂಚಣಿ. ಅದು ಹೋದರೆ ಔಷಧಿಗೂ ನಾನು ಕೈ ಚಾಚಬೇಕು. ಈ ವಯಸ್ಸಿನಲ್ಲಿ ಸ್ವಂತ ಹಣ ಬಿಟ್ಟುಕೊಡುವುದು ಹೆಂಗಸಿಗೆ ಸಣ್ಣ ವಿಷಯ ಅಲ್ಲ. ಮಾಸ್ತರರೇ, ಮದುವೆಯಾ ಬೇಡವಾ ಅನ್ನುವುದನ್ನು ನೀವು ತೀರ್ಮಾನ ಮಾಡಬೇಡಿ, ಅವರು ಮಾಡಲಿ. ತಿಂಗಳು ತಿಂಗಳು ನಿಂತುಹೋಗುವುದು ಅವರ ಹಣ.

ಇದರ ಕಷ್ಟವೂ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂದು ರಾತ್ರಿ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ "ನೀವು ಅವರಿಗೆ ಏನಾಗಬೇಕು" ಅಂದರು. ಸಹಿ ಮಾಡಲು ಬಿಡಲಿಲ್ಲ. ಅವರ ಮಗ ಮುಂಬೈಯಿಂದ ಫೋನಿನಲ್ಲಿ ಮಾತಾಡಿದ ಮೇಲೆ ಮುಂದುವರಿಸಿದರು. ಆ ಮಗನಿಗೆ ನನ್ನ ಬಗ್ಗೆ ಮೊದಲೇ ಗೊತ್ತಿದ್ದದ್ದರಿಂದ ಆಯಿತು. ಗೊತ್ತಿರದಿದ್ದರೆ? ಆ ರಾತ್ರಿ ಎರಡು ಗಂಟೆಗೆ ನಾನು ಯಾರು ಅಂತ ಅವನಿಗೆ ಹೇಳುತ್ತಾ ಕೂರಬೇಕಿತ್ತು. ಹಾಗಾಗಿ ಮದುವೆ ಆಗದಿದ್ದರೆ ಮಕ್ಕಳಿಗೆ ಹೇಳುವುದು ಇನ್ನೂ ಮುಖ್ಯ.

ಕುಮಟಾ ವಕೀಲೆ

ಟೀಚರ್ ಹೇಳಿದ್ದು ಸರಿ. ಮದುವೆ ಇಲ್ಲದೆ ಇದ್ದರೆ ಪಿಂಚಣಿ ಉಳಿಯುತ್ತದೆ. ಆದರೆ ವಿಲ್ ಇಲ್ಲದಿದ್ದರೆ ಜೊತೆಗಿದ್ದವರಿಗೆ ವಾರಸುದಾರಿಕೆಯಲ್ಲಿ ಏನೂ ಬರುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಸಾಕು ಅಂದುಕೊಳ್ಳುವವರು ಬಹಳ ಜನ. ನಾಮಿನಿ ಅಂದರೆ ಹಣ ಕೈಗೆ ತಗೊಳ್ಳುವವರು ಅಷ್ಟೇ, ಅದು ಕೊನೆಗೆ ವಾರಸುದಾರರದ್ದು.

ಮಾಸ್ತರರಂಥವರಿಗೆ ನಾನು ಸಾಮಾನ್ಯವಾಗಿ ಹೇಳುವುದು, ಮನೆ ಮಕ್ಕಳಿಗೆ ಅಂತ ಬರೆಯಿರಿ, ಆದರೆ ಆಕೆ ಬದುಕಿರುವವರೆಗೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಇಡಿ. ಮಾರುವ ಹಕ್ಕು ಇಲ್ಲ, ಅವರ ನಂತರ ಮಕ್ಕಳಿಗೆ. ಇದರಿಂದ ಮರ ಗೋವಾಕ್ಕೆ ಹೋಗುವ ಭಯವೂ ಇಲ್ಲ, ನಿಮ್ಮ ಹದಿಮೂರು ದಿನ ಮುಗಿದ ಮೇಲೆ ಅವರು ಪೆಟ್ಟಿಗೆ ಹಿಡಿದು ರಸ್ತೆಗೆ ಬರುವುದೂ ಇಲ್ಲ. ಒಂದು ಎಚ್ಚರಿಕೆ ಇದೆ. ಮದುವೆ ಆದ ಹೆಂಡತಿಗೆ ಜೀವನಾಂಶದ ಬದಲಿಗೆ ಕೊಟ್ಟದ್ದು ಅನ್ನುವ ಹಾಗೆ ಬರೆದರೆ ಆ ಸೀಮಿತ ಹಕ್ಕೇ ಪೂರ್ಣ ಹಕ್ಕಾಗಿಬಿಡುತ್ತದೆ ಅಂತ ವಾದ ಬರಬಹುದು, ಹಾಗೆ ಆದದ್ದೂ ಇದೆ. ಅದಕ್ಕೆ ಈ ವಾಕ್ಯವನ್ನು ನೀವೇ ಬರೆಯಬೇಡಿ, ಹಳೆಯ ವಿಲ್ ನೋಡಿ ನಕಲೂ ಮಾಡಬೇಡಿ.

ಮತ್ತೊಂದು. ಮದುವೆ ಆಗುವುದಾದರೆ, 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆದರೆ 30 ದಿನ ನೋಟಿಸು ಕಚೇರಿಯ ಬೋರ್ಡಿನ ಮೇಲೆ ಇರುತ್ತದೆ. ಯಾರೋ ಋಣಭಾರ ಪತ್ರಕ್ಕೆ ಬಂದವರು ಓದುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿ ನೋಂದಾಯಿಸಿದರೆ ಆ ನೋಟಿಸು ಇಲ್ಲ, ಇಬ್ಬರ ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ ಮಾತ್ರ ತಯಾರಿಟ್ಟುಕೊಳ್ಳಿ. ಯಾವುದೇ ಇರಲಿ, ಅರ್ಜಿಗಿಂತ ಮೊದಲು ಮಕ್ಕಳಿಗೆ ಗೊತ್ತಾಗಿರಬೇಕು.

ಕೋಡಿಬಾಗ

ನಾನು ಕಾರವಾರದ ಕ್ರಿಶ್ಚಿಯನ್. ವಯಸ್ಸು 70. ನಮ್ಮಲ್ಲಿ ಇಗರ್ಜಿಯಲ್ಲಿ ಮದುವೆಗೆ ಮೊದಲು ಭಾನುವಾರ ಪೂಜೆಯಲ್ಲಿ ಎಲ್ಲರೆದುರು ಹೆಸರು ಓದುತ್ತಾರೆ. ನಾನು ಮಗನಿಗೆ ಹೇಳುವುದನ್ನು ಇವತ್ತು ನಾಳೆ ಅಂತ ಮುಂದೂಡಿದೆ. ಅವನ ಹೆಂಡತಿಯ ತಾಯಿ ಪೂಜೆಯಲ್ಲಿ ಕೂತಿದ್ದರು, ಹೆಸರು ಕೇಳಿ ಮೊಬೈಲಿನಲ್ಲಿ ಅವನಿಗೆ ತಿಳಿಸಿದರು. ಅವನು ಮದುವೆಗೆ ಬರಲಿಲ್ಲ. ಈಗ ಮೊಮ್ಮಕ್ಕಳು ಬರುತ್ತಾರೆ, ಅವನು ಗೇಟಿನವರೆಗೆ ಬಿಟ್ಟು ಹೋಗುತ್ತಾನೆ. ಸುದ್ದಿಯಿಂದ ಅವನಿಗೆ ಅಷ್ಟು ನೋವಾಗಲಿಲ್ಲ, ಅತ್ತೆಯ ಬಾಯಿಂದ ಕೇಳಿದ್ದಕ್ಕೆ ಆಯಿತು.

ವಿಲ್ ನಾನು ಮದುವೆಗೆ ಮೊದಲೇ ಮಾಡಿಟ್ಟಿದ್ದೇನೆ, ಮನೆ ಮಗನಿಗೆ ಅಂತ. ಆ ಒಂದು ಸಮಾಧಾನ ಇದೆ.

ಕುಮಟಾ ವಕೀಲೆ

ಸರ್, ದಯವಿಟ್ಟು ಈ ವಾರವೇ ಒಬ್ಬ ವಕೀಲರನ್ನು ನೋಡಿ. ಹಿಂದೂಗಳಿಗೆ ಮದುವೆಯಿಂದ ಹಳೆಯ ವಿಲ್ ರದ್ದಾಗುವುದಿಲ್ಲ. ಆದರೆ ಕ್ರಿಶ್ಚಿಯನ್ನರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ 69ನೇ ಕಲಮಿನ ಪ್ರಕಾರ ಮದುವೆಗೆ ಮೊದಲು ಮಾಡಿದ ವಿಲ್ ಮದುವೆ ಆದ ತಕ್ಷಣ ರದ್ದು. ನಿಮ್ಮದು ಈಗ ಬರೀ ಕಾಗದ. ಹೊಸದು ಬರೆಯಬೇಕು.

ಕೋಡಿಬಾಗ

ಐದು ವರ್ಷದಿಂದ ಕಪಾಟಿನಲ್ಲಿ ಭದ್ರ ಇಟ್ಟಿದ್ದೇನಲ್ಲ. ನಾಳೆಯೇ ಹೋಗುತ್ತೇನೆ. ಹೊಸದರ ಒಂದು ಪ್ರತಿ ಮಗನ ಕೈಯಲ್ಲಿ ನಾನೇ ಕೊಡುತ್ತೇನೆ, ಗೇಟಿನಲ್ಲೇ ಆದರೂ ಸರಿ.

ಅಡಿಕೆ ಮಂಡಿ

ನೋಡಿ, ನಾನು ಹೇಳಿದ್ದು ಇದೇ ಅಲ್ವಾ. ಮೊದಲು ಕಾಗದ, ಆಮೇಲೆ ಮಾತು.

ಕಾರವಾರದ ಮಗಳು

ಕಾಗದ ಇರಲಿ. ಆದರೆ ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ನಮ್ಮ ಅಪ್ಪ ಕಳಿಸಿದಾಗ ನನಗೆ ಅನ್ನಿಸಿದ್ದು, ನನ್ನನ್ನು ಏನು ಅಂದುಕೊಂಡಿದ್ದಾರೆ ಅಂತ. ಕೇಳಿದರೆ ಹೇಳಿ, ಕೇಳದಿದ್ದರೆ ಎರಡನೇ ಸಲಕ್ಕೆ ಇಡಿ.

ಅಂಕೋಲೆ ಟೀಚರ್

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಹೆಣ್ಣುಮಕ್ಕಳು ಹಾಗೆ ಅನ್ನುತ್ತಾರೆ. ಗಂಡುಮಕ್ಕಳಿಗೆ, ಅದರಲ್ಲೂ ತೋಟ ಇರುವ ಮನೆಯಲ್ಲಿ, ಮೊದಲೇ ಹೇಳಿಬಿಟ್ಟರೆ ಅವರ ಕಿವಿ ಉಳಿದ ಮಾತಿಗೆ ತೆರೆಯುತ್ತದೆ. ನನ್ನ ಸ್ನೇಹಿತರ ಮಗನ ವಿಷಯದಲ್ಲಿ ಹಾಗೇ ಆಯಿತು.

ಬೆಂಗಳೂರು ಮಾಣಿ

ನಾನು ಮೊದಲು ಬರೆದದ್ದು ತಪ್ಪಾಗಿ ಅರ್ಥ ಮಾಡಿಕೊಂಡು ಬರೆದದ್ದು, ಕ್ಷಮಿಸಿ. ಇದೆಲ್ಲ ಓದಿ ನಿನ್ನೆ ರಾತ್ರಿ ಆಯಿಗೆ ಫೋನ್ ಮಾಡಿ ದಿನಾ ಸಂಜೆ ಯಾರ ಹತ್ತಿರ ಮಾತಾಡುತ್ತೀಯ ಅಂತ ಕೇಳಿದೆ. "ಕ್ಯಾಮೆರಾದಲ್ಲಿ ಕಾಣುವುದಿಲ್ಲವಾ" ಅಂದಳು. ಏನೂ ಹೇಳಲು ಬರಲಿಲ್ಲ.

ಮಗನಾಗಿ ಒಂದು ಹೇಳಬಹುದಾ? ಮಾವಯ್ಯ, ಇಬ್ಬರಿಗೂ ಹೇಳುವ ನಡುವೆ ಜಾಸ್ತಿ ದಿನ ಬಿಡಬೇಡಿ. ಅಕ್ಕನಿಗೆ ಹೇಳಿ ನನಗೆ ಒಂದು ತಿಂಗಳ ಮೇಲೆ ಹೇಳಿದರೆ ನಾನು ಆ ತಿಂಗಳನ್ನೇ ಹಿಡಿದುಕೊಂಡು ಕೂರುತ್ತೇನೆ.

ತೋಟದ ಮನೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲು ಅವರ ಹತ್ತಿರವೇ ಕೂತು ಪಿಂಚಣಿಯ ವಿಷಯ ಮಾತಾಡಿದೆ. "ಆ ಹಣ ನನ್ನದು ಅಲ್ಲ, ಅವರು 31 ವರ್ಷ ದುಡಿದದ್ದು. ಅದನ್ನು ಬಿಟ್ಟರೆ ಅವರನ್ನೇ ಬಿಟ್ಟ ಹಾಗೆ ಅನ್ನಿಸುತ್ತದೆ" ಅಂದರು. ನಾನು ಬರೀ ಲೆಕ್ಕ ಅಂದುಕೊಂಡಿದ್ದೆ. ಹಾಗಾಗಿ ಸದ್ಯಕ್ಕೆ ಮದುವೆ ಇಲ್ಲ. ಅವರ ಮಗನಿಗೆ ಅವರೇ ಹೇಳಿದ್ದಾರೆ. ಅವನು ನನ್ನನ್ನು ನೋಡಬೇಕು ಅಂದಿದ್ದಾನೆ.

ಶನಿವಾರ ಒಬ್ಬನೇ ಹುಬ್ಬಳ್ಳಿಗೆ ಹೋದೆ. ಅಳಿಯಂದಿರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಮಗಳಿಗೆ ಹೇಳಿದೆ, "ನಿಮ್ಮ ಆಯಿಯ ಡಯಾಲಿಸಿಸ್ ದಿನಗಳಲ್ಲಿ ನನ್ನ ಪಕ್ಕ ಒಬ್ಬರು ಕೂರುತ್ತಿದ್ದರು, ನಿನಗೆ ನೆನಪಿದೆಯಾ" ಅಂತ. ಅವಳು ತಕ್ಷಣ "ಕೊಡೆ ಕೊಟ್ಟವರಾ?" ಅಂದಳು. ನನಗೆ ಮರೆತೇ ಹೋಗಿತ್ತು. ಒಂದು ದಿನ ಮಗಳು ಬಂದಿದ್ದಾಗ ಜೋರು ಮಳೆ, ಅವರು ತಮ್ಮ ಕೊಡೆ ಅವಳಿಗೆ ಕೊಟ್ಟು ತಾವು ನೆನೆದುಕೊಂಡು ಹೋಗಿದ್ದರಂತೆ. ಆಮೇಲೆ ಎಲ್ಲ ಹೇಳಿದೆ. ನಡುವೆ ಎರಡು ವರ್ಷ ಮಾತೇ ಇರಲಿಲ್ಲ ಅನ್ನುವುದನ್ನೂ ಹೇಳಿದೆ. ಸುಮ್ನೆ ಕೇಳಿದಳು. ಅತ್ತಳು. "ಆಯಿಗೆ ಅವರು ಗೊತ್ತಿತ್ತಾ" ಅಂದಳು. ಗೊತ್ತಿತ್ತು, ಒಳಗೆ ಮಲಗಿದಲ್ಲಿಂದಲೇ ಅವರಿಗೆ ಚಹಾ ತಂದುಕೊಡಿ ಅನ್ನುತ್ತಿದ್ದಳು ಅಂದೆ. ಆಸ್ತಿಯ ಮಾತು ಬರಲೇ ಇಲ್ಲ.

ಭಾನುವಾರ ಹುಬ್ಬಳ್ಳಿಯಿಂದಲೇ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಮಗ ಪೂರ್ತಿ ಕೇಳಲಿಲ್ಲ. "ಊರಲ್ಲಿ ತಲೆ ಎತ್ತಿ ಹೇಗೆ ತಿರುಗುವುದು" ಅಂದ. ಆಮೇಲೆ ಮನೆಯ ವಿಷಯ ತೆಗೆದ. ವಕೀಲಮ್ಮ ಹೇಳಿದ ಹಾಗೆ ಮನೆ ನಿಮ್ಮಿಬ್ಬರಿಗೇ, ಅವರಿಗೆ ಇರುವವರೆಗೆ ಇರಲು ಜಾಗ ಅಷ್ಟೇ ಅಂದೆ. ಒಂದು ಸ್ವಲ್ಪ ಹೊತ್ತು ಸುಮ್ಮನಿದ್ದ. ಟೀಚರ್ ಹೇಳಿದಂತೆ ಕಿವಿ ತೆರೆಯಿತೋ ಏನೋ ಅಂದುಕೊಂಡೆ. ಆದರೆ ಕೇಳಿದ್ದು ಬೇರೆ. "ಆಯಿಯ ತಿಥಿಗೆ ಅಡಿಗೆ ಯಾರು ಮಾಡುತ್ತಾರೆ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀನೇ ಹೇಳು, ನೀನು ಹೇಳಿದ ಹಾಗೆ ಮಾಡೋಣ ಅಂದೆ. ಅವನು ಎದ್ದು ಬಾಲ್ಕನಿಗೆ ಹೋದ. ಸೊಸೆ ನನ್ನ ಚೀಲಕ್ಕೆ ನೀರಿನ ಬಾಟಲಿ ಹಾಕುತ್ತಾ "ಸ್ವಲ್ಪ ದಿನ ಕೊಡಿ ಮಾವ" ಅಂದಳು.

ಕಾರವಾರದ ಮಗಳು

ತಿಥಿ ಯಾವಾಗ ಮಾಸ್ತರರೇ?

ತೋಟದ ಮನೆ

ಇನ್ನು ಎರಡು ತಿಂಗಳಿದೆ. ಇದನ್ನು ಅವರಿಗೆ ಹೇಳಿದಾಗ, ಆ ದಿನ ತಾವು ಬರುವುದಿಲ್ಲ, ಮಗಳೇ ಬಂದು ಮಾಡಲಿ ಅಂದರು. ನಿನ್ನೆ ರಾತ್ರಿ ಮಗನಿಗೆ ಅಷ್ಟನ್ನೇ ಮೆಸೇಜು ಮಾಡಿದೆ. ಓದಿದ್ದಾನೆ, ನೀಲಿ ಗುರುತು ಬಂದಿದೆ. ಉತ್ತರ ಇನ್ನೂ ಬಂದಿಲ್ಲ.